ಮನೆ ಮಾರಿದ ಲಾಭದ ತೆರಿಗೆ: ಹೊಸ ಮನೆಗೆ ಎಷ್ಟು ಹಣ ಹಾಕಿದರೆ ಸಾಕು?

ಪ್ರಶ್ನೆ: 2012ರ ಜುಲೈನಲ್ಲಿ ನೋಂದಣಿ ಖರ್ಚೂ ಸೇರಿ 30 ಲಕ್ಷ ರೂಪಾಯಿಗೆ ಕೊಂಡಿದ್ದ ವಾಸದ ಮನೆಯನ್ನು 2025ರ ಆಗಸ್ಟ್ 18ರಂದು 71 ಲಕ್ಷಕ್ಕೆ ಮಾರಿದೆ. ದಲ್ಲಾಳಿಗೆ 1 ಲಕ್ಷ ಕೊಟ್ಟೆ. ನಾನು ನಿವೃತ್ತ, ವರ್ಷಕ್ಕೆ ಸುಮಾರು 5 ಲಕ್ಷ ಪಿಂಚಣಿ ಬರುತ್ತದೆ. 35 ಲಕ್ಷದೊಳಗೆ ಒಂದು ಚಿಕ್ಕ ಫ್ಲಾಟ್ ಕೊಂಡು ಉಳಿದ ಹಣವನ್ನು ಬ್ಯಾಂಕಿನಲ್ಲಿಡುವ ಯೋಚನೆ, ಆದರೆ ಒಪ್ಪುವ ಫ್ಲಾಟ್ ಇನ್ನೂ ಸಿಕ್ಕಿಲ್ಲ. ಬಂದ ಹಣವನ್ನೆಲ್ಲ ಮನೆಗೇ ಹಾಕದಿದ್ದರೆ ತೆರಿಗೆ ಕಟ್ಟಬೇಕು ಎನ್ನುತ್ತಾರೆ, ನಿಜವೆ? ಮಗನ ಹೆಸರಿಗೆ ಕೊಂಡರೆ ಆಗುತ್ತದೆಯೆ?

ಉತ್ತರ: ಬಂದ ಹಣವನ್ನೆಲ್ಲ ಹಾಕಬೇಕಾಗಿಲ್ಲ. ವಾಸದ ಮನೆ ಮಾರಿ ವಾಸದ ಮನೆಯನ್ನೇ ಕೊಳ್ಳುವವರಿಗೆ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 54 ಅನ್ವಯಿಸುತ್ತದೆ, ಅಲ್ಲಿ ಅಳತೆಗೋಲು ಮಾರಾಟದ ಮೊತ್ತವಲ್ಲ, ಮಾರಾಟದಿಂದ ಬಂದ ಲಾಭ. ನಿಮಗೆ ಸಲಹೆ ಕೊಟ್ಟವರ ಮನಸ್ಸಿನಲ್ಲಿ ಇದ್ದದ್ದು ಬಹುಶಃ ಸೆಕ್ಷನ್ 54ಎಫ್. ಖಾಲಿ ನಿವೇಶನ, ಚಿನ್ನ, ಷೇರು ಮುಂತಾದ ಮನೆಯಲ್ಲದ ಆಸ್ತಿಯನ್ನು ಮಾರಿ ಮನೆ ಕೊಳ್ಳುವವರಿಗೆ ಅದು ಅನ್ವಯಿಸುತ್ತದೆ. ಅಲ್ಲಿ ಪೂರ್ತಿ ವಿನಾಯಿತಿ ಬೇಕಾದರೆ ಖರ್ಚು ಕಳೆದು ಕೈಗೆ ಬಂದ ಇಡೀ ಮೊತ್ತವನ್ನು ಹಾಕಬೇಕು. ಈ ಎರಡನ್ನೂ ಒಂದೇ ಎಂದು ತಿಳಿದು, ಬೇಡದಿದ್ದರೂ ದೊಡ್ಡ ಮನೆ ಕೊಂಡು ಕೈ ಬರಿದು ಮಾಡಿಕೊಂಡ ಹಿರಿಯರನ್ನು ನನ್ನ ಕಚೇರಿಯಲ್ಲೇ ಕಂಡಿದ್ದೇನೆ.

ಸೆಕ್ಷನ್ 54 ಲಾಭವನ್ನು ಮಾತ್ರ ಏಕೆ ಹಿಡಿಯುತ್ತದೆ ಎಂಬುದು ತಿಳಿದರೆ ಉಳಿದ ನಿಯಮಗಳೂ ಸುಲಭವಾಗಿ ಹಿಡಿತಕ್ಕೆ ಸಿಗುತ್ತವೆ. ನಿಮ್ಮ ಮನೆಯ ಬೆಲೆ ಏರಿದ ಹದಿಮೂರು ವರ್ಷಗಳಲ್ಲಿ ನೀವು ಮುಂದೆ ಕೊಳ್ಳಬೇಕಾದ ಮನೆಯ ಬೆಲೆಯೂ ಏರಿದೆ. ಒಂದು ಸೂರನ್ನು ಬಿಟ್ಟು ಇನ್ನೊಂದು ಸೂರಿಗೆ ಹೋಗುವವನ ಕೈಯಲ್ಲಿ ಕಾಗದದ ಮೇಲೆ ಲಾಭ ಕಾಣುತ್ತದೆಯೇ ಹೊರತು ಖರ್ಚು ಮಾಡಲು ಸಿಗುವ ಹಣ ಹೆಚ್ಚಾಗಿರುವುದಿಲ್ಲ. ಆ ಹೊತ್ತಿಗೆ ತೆರಿಗೆ ಕಿತ್ತುಕೊಂಡರೆ ಅವನು ಅದೇ ಅಳತೆಯ ಮನೆಯನ್ನು ಮರಳಿ ಕೊಳ್ಳಲಾರ. ಆದ್ದರಿಂದ ಲಾಭ ಮತ್ತೆ ಮನೆಯೊಳಗೇ ಹೋಗಿ ಕುಳಿತರೆ ಅಷ್ಟರ ಮಟ್ಟಿಗೆ ಕಾಯ್ದೆ ಅದನ್ನು ಮುಟ್ಟುವುದಿಲ್ಲ. ನೀವು ಮೊದಲು ಹಾಕಿದ್ದ 30 ಲಕ್ಷ ನಿಮ್ಮದೇ ಅಸಲು, ಅದನ್ನು ಬ್ಯಾಂಕಿನಲ್ಲಿಟ್ಟರೂ ಖರ್ಚು ಮಾಡಿದರೂ ಕೇಳುವವರಿಲ್ಲ.

ಇನ್ನು ನಿಮ್ಮ ಲೆಕ್ಕ. 71 ಲಕ್ಷದಿಂದ ಮಾರಾಟಕ್ಕೆಂದೇ ಆದ ದಲ್ಲಾಳಿ ಖರ್ಚು 1 ಲಕ್ಷವನ್ನು ಕಳೆದರೆ 70 ಲಕ್ಷ, ಅದರಿಂದ ಕೊಂಡ ಬೆಲೆ 30 ಲಕ್ಷವನ್ನು ಕಳೆದರೆ 40 ಲಕ್ಷ. ನಡುವೆ ಮಹಡಿ ಕಟ್ಟಿಸಿದ್ದರೆ ಅಥವಾ ಕೋಣೆ ಸೇರಿಸಿದ್ದರೆ ಆ ಖರ್ಚನ್ನೂ ಬಿಲ್ಲುಗಳ ಆಧಾರದ ಮೇಲೆ ಕಳೆಯಬಹುದು. ಸುಣ್ಣಬಣ್ಣದಂಥ ವಾಡಿಕೆಯ ಖರ್ಚು ಇದಕ್ಕೆ ಸೇರದು. ಮನೆ ನಿಮ್ಮಲ್ಲಿ 24 ತಿಂಗಳಿಗಿಂತ ಹೆಚ್ಚು ಕಾಲ ಇದ್ದುದರಿಂದ ಈ 40 ಲಕ್ಷ ದೀರ್ಘಾವಧಿ ಬಂಡವಾಳ ಲಾಭ. 2024ರ ಜುಲೈ 23ರಿಂದ ಇದಕ್ಕೆ ಶೇ. 12.5ರ ದರ, ಹಣದುಬ್ಬರದ ಹೊಂದಾಣಿಕೆ ಇಲ್ಲ. ಹೊಸ ಮನೆಯನ್ನೇ ಕೊಳ್ಳದಿದ್ದರೆ 5 ಲಕ್ಷ ತೆರಿಗೆ, ಅದರ ಮೇಲೆ ಶೇ. 4ರ ಸೆಸ್ 20,000, ಒಟ್ಟು 5 ಲಕ್ಷ 20 ಸಾವಿರ.

ಆದರೆ ನಿಮ್ಮಂತೆ 2024ರ ಜುಲೈ 23ಕ್ಕೆ ಮೊದಲೇ ಕೊಂಡ ಮನೆಯನ್ನು ಮಾರುವ ನಿವಾಸಿ ವ್ಯಕ್ತಿಗೆ ಕಾಯ್ದೆ ಒಂದು ರಕ್ಷಣೆ ಇಟ್ಟಿದೆ. ಹಳೆಯ ಪದ್ಧತಿಯಲ್ಲಿ, ಅಂದರೆ ಕೊಂಡ ಬೆಲೆಯನ್ನು ಹಣದುಬ್ಬರ ಸೂಚ್ಯಂಕದಿಂದ ಏರಿಸಿ ಉಳಿದ ಲಾಭಕ್ಕೆ ಶೇ. 20ರಂತೆ ಲೆಕ್ಕ ಹಾಕಿದಾಗ ತೆರಿಗೆ ಕಡಿಮೆ ಬಂದರೆ, ಹೊಸ ಪದ್ಧತಿಯಲ್ಲಿ ಹೆಚ್ಚು ಬಂದಷ್ಟನ್ನು ಬಿಟ್ಟುಬಿಡಬೇಕು ಎಂಬುದು ಅದರ ಸಾರ. ಸೂಚ್ಯಂಕ 2012-13ಕ್ಕೆ 200, 2025-26ಕ್ಕೆ 376. ನಿಮ್ಮ 30 ಲಕ್ಷವನ್ನು 200ರಿಂದ ಭಾಗಿಸಿ 376ರಿಂದ ಗುಣಿಸಿದರೆ 56 ಲಕ್ಷ 40 ಸಾವಿರ. ಹಳೆಯ ಪದ್ಧತಿಯಲ್ಲಿ ಲಾಭ 13 ಲಕ್ಷ 60 ಸಾವಿರಕ್ಕೆ ಇಳಿಯುತ್ತದೆ, ಅದರ ಶೇ. 20 ಎಂದರೆ 2 ಲಕ್ಷ 72 ಸಾವಿರ, ಸೆಸ್ ಸೇರಿ 2,82,880 ರೂಪಾಯಿ. ಮನೆ ಕೊಳ್ಳದೆಯೇ ಇದ್ದರೂ ನೀವು ಕಟ್ಟಬೇಕಾದದ್ದು ಇಷ್ಟೇ. ಅನಿವಾಸಿ ಭಾರತೀಯರಿಗೆ ಈ ರಕ್ಷಣೆ ಇಲ್ಲ ಎಂಬುದನ್ನು ವಿದೇಶದಲ್ಲಿ ಮಕ್ಕಳಿರುವವರು ನೆನಪಿನಲ್ಲಿಟ್ಟುಕೊಳ್ಳಬೇಕು.

ಈಗ 35 ಲಕ್ಷದ ಫ್ಲಾಟ್ ಕೊಂಡರೆ ಏನಾಗುತ್ತದೆ ನೋಡೋಣ. ಹೊಸ ಪದ್ಧತಿಯಲ್ಲಿ 40 ಲಕ್ಷದ ಲಾಭದಿಂದ 35 ಲಕ್ಷಕ್ಕೆ ವಿನಾಯಿತಿ, ಉಳಿದ 5 ಲಕ್ಷಕ್ಕೆ ಶೇ. 12.5ರಂತೆ 62,500, ಸೆಸ್ ಸೇರಿ 65,000 ರೂಪಾಯಿ. ಹಳೆಯ ಪದ್ಧತಿಯಲ್ಲಿ ಲಾಭವೇ 13 ಲಕ್ಷ 60 ಸಾವಿರ, ಹೂಡಿಕೆ ಅದಕ್ಕಿಂತ ಬಹಳ ಹೆಚ್ಚು, ಆದ್ದರಿಂದ ತೆರಿಗೆ ಸೊನ್ನೆ. ತಿದ್ದುಪಡಿಗೆ ಮೊದಲು ಇದ್ದ ಕಾಯ್ದೆಯ ಪ್ರಕಾರ ಬರುವ ತೆರಿಗೆಗಿಂತ ಹೆಚ್ಚಾದದ್ದನ್ನು ಕಡೆಗಣಿಸಬೇಕು ಎಂದೇ ಕಲಮಿನ ಮಾತು ಇರುವುದರಿಂದ, ಆ 65,000ವೂ ನಿಮ್ಮ ಮೇಲೆ ಬೀಳಬಾರದು ಎಂಬುದು ನನ್ನ ಓದು. ಈ ತರ್ಕವನ್ನು ಕೊನೆಯವರೆಗೆ ಎಳೆದರೆ 13 ಲಕ್ಷ 60 ಸಾವಿರದಷ್ಟು ಹೂಡಿದರೂ ಸಾಕು ಎನ್ನಬೇಕಾಗುತ್ತದೆ. ಆದರೆ ಅಷ್ಟು ಬಿಗಿಯಾಗಿ ಲೆಕ್ಕ ಹಾಕಿ ಹೂಡುವಂತೆ ನಾನು ಯಾರಿಗೂ ಹೇಳುವುದಿಲ್ಲ. ಸೆಕ್ಷನ್ 54ರ ವಿನಾಯಿತಿಯನ್ನು ಅಳೆಯಬೇಕಾದದ್ದು ಸೂಚ್ಯಂಕವಿಲ್ಲದ 40 ಲಕ್ಷದಿಂದ, ಹಳೆಯ ಪದ್ಧತಿ ತೆರಿಗೆಯನ್ನು ಹೋಲಿಸಿ ನೋಡುವುದಕ್ಕೆ ಮಾತ್ರ ಎಂದು ಅಧಿಕಾರಿಯೊಬ್ಬರು ವಾದಿಸಿದರೆ ಉತ್ತರ ಕೊಡುವ ಶ್ರಮ ನಿಮ್ಮದಾಗುತ್ತದೆ. ನಿಮ್ಮ ವಿಷಯದಲ್ಲಿ ಆ ಜಗಳದ ಪೂರ್ತಿ ಬೆಲೆ 65,000 ರೂಪಾಯಿ ಮಾತ್ರ. ಎರಡೂ ಪದ್ಧತಿಗಳ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ರಿಟರ್ನ್ ಕಾಗದಗಳ ಜೊತೆ ಇಟ್ಟುಕೊಳ್ಳಿ.

ಫ್ಲಾಟಿನ ಬೆಲೆ ಎಂದಾಗ ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕವನ್ನೂ ಸೇರಿಸಿಕೊಳ್ಳಬಹುದು. ಪೀಠೋಪಕರಣ, ಪರದೆ, ಗೃಹಪ್ರವೇಶದ ಖರ್ಚು ಸೇರುವುದಿಲ್ಲ. ಬರಿಯ ನಿವೇಶನ ಕೊಂಡು ಸುಮ್ಮನಿದ್ದರೆ ವಿನಾಯಿತಿ ಇಲ್ಲ, ಅವಧಿಯೊಳಗೆ ಅದರ ಮೇಲೆ ಮನೆ ಎದ್ದರೆ ನಿವೇಶನದ ಬೆಲೆಯೂ ಲೆಕ್ಕಕ್ಕೆ ಬರುತ್ತದೆ. ನೀವು ತೆರಿಗೆಯ ಹೊಸ ವ್ಯವಸ್ಥೆಯಲ್ಲಿದ್ದರೂ ಹಳೆಯ ವ್ಯವಸ್ಥೆಯಲ್ಲಿದ್ದರೂ ಸೆಕ್ಷನ್ 54 ಸಿಗುತ್ತದೆ. ಹೊಸ ವ್ಯವಸ್ಥೆ ಕಿತ್ತುಕೊಂಡದ್ದು ಜೀವವಿಮೆ, ಪಿಪಿಎಫ್‌ನಂಥ ಕಡಿತಗಳನ್ನು, ಇದನ್ನಲ್ಲ.

ಹೆಚ್ಚು ಜನ ಎಡವುವುದು ದಿನಾಂಕಗಳಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸಿದ್ಧ ಮನೆಯನ್ನು ಕೊಳ್ಳುವುದಾದರೆ ಮಾರಾಟಕ್ಕೆ ಒಂದು ವರ್ಷ ಮೊದಲಿನಿಂದ ಹಿಡಿದು ಮಾರಾಟದ ನಂತರ ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟಿಸುವುದಾದರೆ ಮಾರಾಟದ ನಂತರ ಮೂರು ವರ್ಷದೊಳಗೆ ಕಟ್ಟಿ ಮುಗಿಯಬೇಕು. ನಿಮ್ಮ ಕ್ರಯಪತ್ರದ ದಿನ 2025ರ ಆಗಸ್ಟ್ 18 ಆದ್ದರಿಂದ ಕೊಳ್ಳುವ ಗಡುವು 2027ರ ಆಗಸ್ಟ್ 17ಕ್ಕೆ, ಕಟ್ಟಿಸುವ ಗಡುವು 2028ರ ಆಗಸ್ಟ್ 17ಕ್ಕೆ ಮುಗಿಯುತ್ತದೆ. ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಫ್ಲಾಟ್ ಕಾಯ್ದಿರಿಸಿದರೆ ಅದನ್ನು ಸಾಮಾನ್ಯವಾಗಿ ಕಟ್ಟಿಸಿದ್ದೆಂದೇ ಪರಿಗಣಿಸಿ ಮೂರು ವರ್ಷ ಕೊಡುತ್ತಾರೆ. ಆದರೆ ಬಿಲ್ಡರ್ ಹೇಳುವ ತಿಂಗಳಿಗೆ ಒಂದು ವರ್ಷ ಸೇರಿಸಿ ನೋಡಿ, ಅದು ಗಡುವನ್ನು ದಾಟುವಂತಿದ್ದರೆ ಸಿದ್ಧ ಫ್ಲಾಟೇ ಲೇಸು. ಹಣ ಕಟ್ಟಿ ಮುಗಿಸಿದ ಮೇಲೆ ಬಿಲ್ಡರ್ ತಡ ಮಾಡಿದ ಪ್ರಕರಣಗಳಲ್ಲಿ ನ್ಯಾಯಾಲಯಗಳು ಮಾರಿದವರ ಪರ ನಿಂತದ್ದುಂಟು. ಆ ದಾರಿ ನ್ಯಾಯಾಲಯದ ಮೂಲಕವೇ ಹೋಗಬೇಕು ಎಂಬುದು ಮಾತ್ರ ನೆನಪಿರಲಿ.

ಎರಡು ವರ್ಷ ಇದೆಯಲ್ಲ ಎಂದು ಸುಮ್ಮನೆ ಕೂರುವವರು ಸಿಕ್ಕಿಬೀಳುವುದು ಈ ಗಡುವುಗಳಿಗಿಂತ ಮೊದಲೇ ಬರುವ ಇನ್ನೊಂದು ದಿನಾಂಕದಲ್ಲಿ. 2025-26ರ ಆದಾಯಕ್ಕೆ ನೀವು ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನ 2026ರ ಜುಲೈ 31. ಅಷ್ಟರೊಳಗೆ ಮನೆಗೆ ಖರ್ಚಾಗದೆ ಉಳಿದ, ವಿನಾಯಿತಿ ಕೇಳಬೇಕೆಂದಿರುವ ಹಣವನ್ನು ಬಂಡವಾಳ ಲಾಭ ಖಾತೆ ಯೋಜನೆಯಲ್ಲಿ ಇಟ್ಟಿರಬೇಕು. ಇದು 1988ರ ಯೋಜನೆ, ಅಧಿಕೃತ ಬ್ಯಾಂಕುಗಳ ಗೊತ್ತುಪಡಿಸಿದ ಶಾಖೆಗಳಲ್ಲಿ ಮಾತ್ರ ಖಾತೆ ತೆರೆಯಬಹುದು. ಫ್ಲಾಟಿಗೆ 3 ಲಕ್ಷ ಮುಂಗಡ ಕೊಟ್ಟಿದ್ದರೆ 32 ಲಕ್ಷ, ಏನೂ ಕೊಟ್ಟಿಲ್ಲದಿದ್ದರೆ 35 ಲಕ್ಷ ಆ ಖಾತೆಗೆ ಹೋಗಬೇಕು. ಅದೇ ಬ್ಯಾಂಕಿನ ಸಾಮಾನ್ಯ ಠೇವಣಿಯಲ್ಲಿ ಇಟ್ಟರೆ ಅದು ಈ ಯೋಜನೆಯ ಠೇವಣಿ ಆಗುವುದಿಲ್ಲ. ನನ್ನ ಕಕ್ಷಿದಾರರೊಬ್ಬರು ಹೀಗೆಯೇ ಮಾಡಿದ್ದರು. ಕೌಂಟರಿನಲ್ಲಿದ್ದವರು ಎಲ್ಲ ಒಂದೇ ಎಂದರಂತೆ. ರಸೀದಿಯ ಮೇಲೆ ಯೋಜನೆಯ ಹೆಸರೇ ಇರಲಿಲ್ಲ. ಖಾತೆ ತೆರೆದ ದಿನವೇ ಪಾಸ್‌ಬುಕ್ ಅಥವಾ ಠೇವಣಿ ರಸೀದಿಯ ಮೇಲೆ ಯೋಜನೆಯ ಹೆಸರು ಅಚ್ಚಾಗಿದೆಯೆ ಎಂದು ನೀವೇ ಕಣ್ಣಾರೆ ನೋಡಿಕೊಳ್ಳಿ.

ಈ ಯೋಜನೆಯಲ್ಲಿ ಎರಡು ಬಗೆಯ ಖಾತೆಗಳಿವೆ. ಎ ಖಾತೆ ಉಳಿತಾಯ ಖಾತೆಯ ಹಾಗೆ, ಬೇಕಾದಾಗ ತೆಗೆಯಬಹುದು. ಬಿ ಖಾತೆ ನಿಗದಿತ ಅವಧಿಯ ಠೇವಣಿ, ಬಡ್ಡಿ ಹೆಚ್ಚು, ಆದರೆ ಹಣ ತೆಗೆಯಲು ಮೊದಲು ಎ ಖಾತೆಗೆ ವರ್ಗಾಯಿಸಬೇಕು. ಫ್ಲಾಟ್ ಇಂದು ನಾಳೆ ಸಿಗುವಂತಿದ್ದರೆ ಎ ಖಾತೆ, ವರ್ಷ ಹಿಡಿಯಬಹುದು ಎನ್ನಿಸಿದರೆ ಹೆಚ್ಚಿನ ಪಾಲನ್ನು ಬಿ ಖಾತೆಯಲ್ಲಿಡಿ. ತೆಗೆದ ಹಣವನ್ನು 60 ದಿನದೊಳಗೆ ಮನೆಗೇ ಬಳಸಬೇಕು, ಉಳಿದರೆ ತಿರುಗಿ ಕಟ್ಟಬೇಕು. ಬಡ್ಡಿಗೆ ಆಯಾ ವರ್ಷ ಎಂದಿನಂತೆ ತೆರಿಗೆ ಉಂಟು. ಖಾತೆ ಮುಚ್ಚಲು ಆದಾಯ ತೆರಿಗೆ ಅಧಿಕಾರಿಯ ಒಪ್ಪಿಗೆ ಬೇಕು, ಆದ್ದರಿಂದ ಫ್ಲಾಟಿಗೆ ಹಣ ಕೊಟ್ಟ ರಸೀದಿ ಮತ್ತು ಕ್ರಯಪತ್ರದ ಪ್ರತಿಗಳನ್ನು ಮೊದಲಿನಿಂದಲೇ ಒಂದೆಡೆ ಜೋಡಿಸಿಟ್ಟಿರಿ.

ರಿಟರ್ನ್ ತಡವಾದರೂ ಕಾಯ್ದೆ ಕೊಟ್ಟ ವಿಸ್ತರಿತ ಅವಧಿಯೊಳಗೆ ಮನೆ ಕೊಂಡವರಿಗೆ ವಿನಾಯಿತಿ ಕೊಡಬೇಕು ಎಂದು ಕರ್ನಾಟಕ ಹೈಕೋರ್ಟ್ ಹೇಳಿದ್ದುಂಟು. ಅದು ಗಡುವು ತಪ್ಪಿಸಿಕೊಂಡವರ ಕೊನೆಯ ಆಸರೆ, ಮೊದಲೇ ಯೋಜನೆ ಹಾಕುವವರು ನೆಚ್ಚಿಕೊಳ್ಳುವ ದಾರಿಯಲ್ಲ. ಖಾತೆಯಲ್ಲಿಟ್ಟೂ ಮನೆ ಕೊಳ್ಳದೇ ಹೋದರೆ ಬಳಸದೆ ಉಳಿದ ಮೊತ್ತ ಮಾರಾಟದಿಂದ ಮೂರು ವರ್ಷ ತುಂಬುವ ವರ್ಷದ, ಅಂದರೆ ನಿಮಗೆ 2028-29ರ, ಬಂಡವಾಳ ಲಾಭವಾಗಿ ತೆರಿಗೆಗೆ ಒಳಪಡುತ್ತದೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಲ್ಲಿರುವುದರಿಂದ ಆಗ ಸೆಕ್ಷನ್ ಸಂಖ್ಯೆ ಬೇರೆ ಇರುತ್ತದೆ. ನಿಮ್ಮ ಮಾರಾಟ ನಡೆದದ್ದು 2025-26ರಲ್ಲಿ, ಆ ವರ್ಷದ ರಿಟರ್ನಿಗೆ 1961ರ ಕಾಯ್ದೆಯೇ ಅನ್ವಯ.

ಮಗನ ಹೆಸರಿನ ವಿಷಯ. ಮಾರಿದವರು ನೀವು, ಲಾಭ ನಿಮ್ಮದು, ಹಾಗಾಗಿ ಕೊಳ್ಳುವವರೂ ನೀವೇ ಆಗಿರಬೇಕು ಎಂಬುದು ನೇರವಾದ ಓದು. ಹೆಂಡತಿಯ ಅಥವಾ ಮಕ್ಕಳ ಹೆಸರಿಗೆ ಕೊಂಡ ಮನೆಗಳ ಬಗ್ಗೆ ಹೈಕೋರ್ಟ್‌ಗಳು ಒಂದೇ ಮಾತು ಹೇಳಿಲ್ಲ. ಪೂರ್ತಿ ಹಣ ಮಾರಿದವರದೇ ಎಂದು ತೋರಿಸಿದಾಗ ಕೆಲವರು ವಿನಾಯಿತಿ ಪಡೆದಿದ್ದಾರೆ, ಮಗನ ಹೆಸರಿಗೆ ಕೊಂಡು ಸೋತವರೂ ಇದ್ದಾರೆ. ಕ್ರಯಪತ್ರದಲ್ಲಿ ಮೊದಲ ಹೆಸರು ನಿಮ್ಮದಿರಲಿ, ಹಣವೆಲ್ಲ ನಿಮ್ಮ ಖಾತೆಯಿಂದಲೇ ಹೋಗಲಿ. ಮುಂದೆ ತೊಡಕಾಗಬಾರದು ಎಂಬ ಚಿಂತೆ ಇದ್ದರೆ ಮಗನನ್ನು ಜಂಟಿ ಖರೀದಿದಾರನಾಗಿ ಸೇರಿಸಬಹುದು, ಇಲ್ಲವೆ ಒಂದು ಉಯಿಲು ಬರೆದಿಡಬಹುದು. ತೆರಿಗೆಯ ದೃಷ್ಟಿಯಿಂದ ಉಯಿಲೇ ಎಲ್ಲಕ್ಕಿಂತ ನಿರಾತಂಕ. ಕೊಂಡ ಮೇಲೆ ಮೂರು ವರ್ಷದೊಳಗೆ ಮಗನಿಗೆ ದಾನಪತ್ರ ಮಾಡಿಕೊಡುವ ಯೋಚನೆಯೂ ಬೇಡ, ಅಧಿಕಾರಿ ಅದನ್ನೂ ಪ್ರಶ್ನಿಸಲು ಎಡೆ ಇದೆ.

ಆ ಮೂರು ವರ್ಷದ ಮಾತು ಬಂದದ್ದರಿಂದ ಅದನ್ನೂ ನಿಮ್ಮ ಅಂಕಿಗಳಲ್ಲೇ ತೋರಿಸುತ್ತೇನೆ. ನೀವು 2026ರ ಜೂನ್‌ನಲ್ಲಿ 35 ಲಕ್ಷಕ್ಕೆ ಫ್ಲಾಟ್ ಕೊಂಡು, ಮಗನ ಊರಿಗೆ ಹೋಗಬೇಕಾಗಿ ಬಂದು 2028ರ ಫೆಬ್ರುವರಿಯಲ್ಲಿ 38 ಲಕ್ಷಕ್ಕೆ ಮಾರಿದಿರಿ ಎಂದುಕೊಳ್ಳಿ. ಲಾಭ 3 ಲಕ್ಷ ಎಂದು ನಿಮಗೆ ಅನ್ನಿಸುತ್ತದೆ. ಆದರೆ ಕೊಂಡ ದಿನದಿಂದ ಮೂರು ವರ್ಷದೊಳಗೆ ಮಾರಿದರೆ, ಹಿಂದೆ ವಿನಾಯಿತಿ ಪಡೆದಷ್ಟನ್ನು ಹೊಸ ಮನೆಯ ಕೊಂಡ ಬೆಲೆಯಿಂದ ಕಳೆಯಬೇಕು. 35 ಲಕ್ಷದಲ್ಲಿ 35 ಲಕ್ಷ ಕಳೆದರೆ ಕೊಂಡ ಬೆಲೆ ಸೊನ್ನೆ, ಲಾಭ 38 ಲಕ್ಷ. ಇಪ್ಪತ್ತೇ ತಿಂಗಳಾದ್ದರಿಂದ ಅದು ಅಲ್ಪಾವಧಿ ಲಾಭ, ಪಿಂಚಣಿಯ ಮೇಲೆ ಕೂತು ಸಾಮಾನ್ಯ ಹಂತದ ದರಗಳಲ್ಲಿ ತೆರಿಗೆ ಕಟ್ಟಬೇಕಾಗುತ್ತದೆ. ಅದೇ ಫ್ಲಾಟನ್ನು 24 ತಿಂಗಳ ನಂತರ, 36 ತಿಂಗಳ ಒಳಗೆ ಮಾರಿದರೆ ಶೇ. 12.5ರಂತೆ 4 ಲಕ್ಷ 75 ಸಾವಿರ ಮತ್ತು ಸೆಸ್. 2029ರ ಜುಲೈನಲ್ಲಿ ಮಾರಿದರೆ ಲಾಭ ಬರೀ 3 ಲಕ್ಷ. ಸೂರು ಬದಲಿಸುತ್ತೇನೆ ಎಂಬ ನಿಮ್ಮ ಮಾತನ್ನು ಕಾಯ್ದೆ ಮೂರು ವರ್ಷ ಪರೀಕ್ಷಿಸುತ್ತದೆ, ಅದು ಮುಗಿದ ಮೇಲೆ ಹಳೆಯ ಲಾಭವನ್ನು ಮತ್ತೆ ಕೆದಕುವುದಿಲ್ಲ. ಆದ್ದರಿಂದ ಮೂರು ವರ್ಷ ಇರಬಲ್ಲಿರಿ ಎಂಬ ಖಾತ್ರಿ ಇಲ್ಲದ ಊರಿನಲ್ಲಿ ಅವಸರದಿಂದ ಫ್ಲಾಟ್ ಕೊಳ್ಳುವುದಕ್ಕಿಂತ 2,82,880 ಕಟ್ಟಿ ಹಗುರಾಗುವುದೇ ಎಷ್ಟೋ ಸಲ ಒಳ್ಳೆಯದು, ಇದನ್ನು ಹೇಳಿದರೆ ಕೆಲವರು ನನ್ನ ಮೇಲೆ ಮುನಿಯುತ್ತಾರೆ.

ಮಾರಾಟದ ಕಾಗದಗಳನ್ನು ಇನ್ನೊಮ್ಮೆ ತೆಗೆದು ಎರಡು ಅಂಕಿಗಳನ್ನು ನೋಡಿ. ಒಂದು, ಉಪನೋಂದಣಿ ಕಚೇರಿ ಲೆಕ್ಕಕ್ಕೆ ಹಿಡಿದ ಮಾರ್ಗಸೂಚಿ ಮೌಲ್ಯ. ಅದು ನಿಮ್ಮ 71 ಲಕ್ಷಕ್ಕಿಂತ ಶೇ. 10ಕ್ಕೂ ಹೆಚ್ಚು, ಅಂದರೆ 78 ಲಕ್ಷ 10 ಸಾವಿರವನ್ನು ದಾಟಿದ್ದರೆ, ಆ ಮೌಲ್ಯವನ್ನೇ ಮಾರಾಟದ ಬೆಲೆ ಎಂದು ಹಿಡಿಯುತ್ತಾರೆ, ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ. ಇನ್ನೊಂದು, ಕೊಂಡವರು ಮುರಿದುಕೊಂಡ ಟಿಡಿಎಸ್. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿರುವಾಗ ಅವರು ಶೇ. 1ನ್ನು ಮುರಿದು ಸರ್ಕಾರಕ್ಕೆ ಕಟ್ಟಬೇಕು, ನಿಮಗೆ ಅದು 71,000 ರೂಪಾಯಿ. ಆ ಮೊತ್ತ ನಿಮ್ಮ ಪ್ಯಾನ್ ಸಂಖ್ಯೆಯ ಫಾರಂ 26ಎಎಸ್‌ನಲ್ಲಿ ಕಾಣಬೇಕು, ಕಾಣದಿದ್ದರೆ ಅವರು ಕಟ್ಟಿಲ್ಲ ಅಥವಾ ಪ್ಯಾನ್ ತಪ್ಪಾಗಿ ಬರೆದಿದ್ದಾರೆ, ಈಗಲೇ ಫೋನ್ ಮಾಡಿ ಸರಿಪಡಿಸಿಕೊಳ್ಳಿ. ತೆರಿಗೆ ಸೊನ್ನೆಯಾದರೂ ರಿಟರ್ನ್ ಸಲ್ಲಿಸಲೇಬೇಕು, 30 ಲಕ್ಷ ಮೀರಿದ ಆಸ್ತಿ ವ್ಯವಹಾರದ ಮಾಹಿತಿ ನೋಂದಣಿ ಕಚೇರಿಯಿಂದ ಇಲಾಖೆಗೆ ತಾನೇ ಹೋಗಿರುತ್ತದೆ. ಪಿಂಚಣಿದಾರರು ವರ್ಷವೂ ತುಂಬುವ ಐಟಿಆರ್-1 ಇದಕ್ಕೆ ಸಲ್ಲದು, ಈ ಸಲ ಐಟಿಆರ್-2 ತುಂಬಿ, ಲಾಭದ ಪುಟದಲ್ಲಿ ಸೆಕ್ಷನ್ 54ರ ವಿನಾಯಿತಿ, ಖಾತೆಯಲ್ಲಿಟ್ಟ ಮೊತ್ತ ಮತ್ತು ಇಟ್ಟ ದಿನಾಂಕವನ್ನು ನಮೂದಿಸಿ. ಹಾಗೆ ಮಾಡಿದರೆ ಆ 71,000 ರೂಪಾಯಿ, ಪಿಂಚಣಿಯ ಮೇಲೆ ಬರಬೇಕಾದ ತೆರಿಗೆ ಏನಾದರೂ ಇದ್ದರೆ ಅದು ಕಳೆದು, ನಿಮ್ಮ ಖಾತೆಗೇ ಹಿಂದಿರುಗುತ್ತದೆ.